50 ಲೀಟರ್ ಹಾಲು, 96 ಪ್ಯಾಕೆಟ್ ಮೊಸರು: ಲೀಟರಿಗೆ ಉಳಿಯುವುದೆಷ್ಟು?

ಹಾಲನ್ನು ಹಾಲಾಗಿಯೇ ಮಾರುವುದಕ್ಕಿಂತ ಮೊಸರು ಮಾಡಿ ಮಾರಿದರೆ ಡಬಲ್ ಲಾಭ ಅಂತ ನಮಗೆ ಹೇಳದವರೇ ಇಲ್ಲ. ಲೆಕ್ಕವೂ ಬಾಯಲ್ಲೇ ಇರುತ್ತದೆ: ಹಾಲು 34 ರೂಪಾಯಿ, ಮೊಸರು ಕೆಜಿಗೆ 50, ಉಳಿದ 16 ನಿಮ್ಮದು. ನಾವು ತಿಪಟೂರು ಹತ್ತಿರದ ಹಳ್ಳಿಯವರು. ನಮ್ಮ ಹಸುಗಳ ಸಂಜೆ ಹಾಲಿಗೆ ಪಕ್ಕದ ಎರಡು ಮನೆಯ ಹಾಲು ಸೇರಿಸಿ ದಿನಕ್ಕೆ 50 ಲೀಟರ್ ಮೊಸರು ಮಾಡುತ್ತೇವೆ. ಬೆಳಗಿನ ಹಾಲು ಎಂದಿನಂತೆ ಡೇರಿಗೇ ಹೋಗುತ್ತದೆ. ಆ 16 ರೂಪಾಯಿಯಲ್ಲಿ ಕೈಗೆ ಬರುವುದು ಎಷ್ಟು, ಮಿಕ್ಕಿದ್ದು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದನ್ನು ನಮ್ಮ ನೋಟ್‌ಬುಕ್ಕಿನಿಂದ ಬರೆಯುತ್ತಿದ್ದೇನೆ. ರೇಟುಗಳು ನಮ್ಮ ಊರಿನವು. ನಿಮ್ಮ ಕಡೆ ಒಂದೆರಡು ರೂಪಾಯಿ ಆಚೀಚೆ ಇರಬಹುದು, ಆದರೆ ಲೆಕ್ಕದ ದಾರಿ ಅದೇ.

ಮೊದಲ ಏಟು ಬೀಳುವುದು ಹಾಲಿನ ರೇಟಿನಲ್ಲೇ. ನಮ್ಮ ಹಾಲಿನ ಫ್ಯಾಟ್‌ಗೆ ಡೇರಿಯಲ್ಲಿ ಸಿಗುವುದು ಲೀಟರಿಗೆ 34. ಆದರೆ ಡೇರಿಗೆ ಹಾಕಿದ ಪ್ರತಿ ಲೀಟರಿಗೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಇದೆಯಲ್ಲ, ಅದು ಬೇರೆಯಾಗಿ ಬ್ಯಾಂಕ್ ಖಾತೆಗೆ ಬರುವುದರಿಂದ ಯಾರೂ ಅದನ್ನು ಹಾಲಿನ ರೇಟಿಗೆ ಸೇರಿಸಿ ನೋಡುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಸಂಜೆ ಹಾಲು ನಮಗೆ ಕೊಡಿ ಅಂತ ಮಾತಾಡಲು ಹೋದಾಗ ಅವರು ನೇರವಾಗಿ ಹೇಳಿದರು: "ನಿಮಗೆ ಹಾಕಿದ್ರೆ ಆ ಐದು ರೂಪಾಯಿ ನಮಗೆ ಹೋಗುತ್ತಲ್ಲಕ್ಕ, ಅದನ್ನ ಯಾರು ಕೊಡ್ತಾರೆ?" ಸರಿಯಾದ ಮಾತು. ಅವರಿಗೆ 39 ಕೊಡಬೇಕು. ಅವರ ಹಾಲಿಗೆ 39 ಅಂದಮೇಲೆ ನಮ್ಮ ಹಸುವಿನ ಹಾಲಿಗೂ 39 ಅಂತಲೇ ಬರೆಯಬೇಕು, ಯಾಕಂದ್ರೆ ಮೊಸರಿಗೆ ಹೋದ ಹಾಲಿಗೆ ನಮ್ಮ ಖಾತೆಗೂ ಆ 5 ಬರುವುದಿಲ್ಲ. ಮನೆ ಹಾಲು ಪುಕ್ಕಟೆ ಅಂತ ಲೆಕ್ಕ ಹಾಕುವವರು ಮೊಸರಿನಲ್ಲಿ ದುಡ್ಡು ಮಾಡುತ್ತಿದ್ದೇವೆ ಅಂದುಕೊಂಡೇ ಡೇರಿ ದುಡ್ಡನ್ನು ಕಳೆದುಕೊಳ್ಳುತ್ತಿರುತ್ತಾರೆ. ಹಾಗಾಗಿ ನಮ್ಮ ಪುಸ್ತಕದ ಮೊದಲ ಸಾಲು: 50 ಲೀಟರಿಗೆ 1,950 ರೂಪಾಯಿ.

ಎರಡನೆಯದು ತೂಕ. ಹಾಲನ್ನು ಲೀಟರಿನಲ್ಲಿ ಕೊಳ್ಳುತ್ತೇವೆ, ಮೊಸರನ್ನು ಕೆಜಿಯಲ್ಲಿ ಮಾರುತ್ತೇವೆ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ, ಅಂದರೆ 50 ಲೀಟರಿಗೆ 51.5 ಕೆಜಿ. ಇಲ್ಲಿ ನಮಗೆ ಒಂದೂವರೆ ಕೆಜಿ ಸುಮ್ನೆ ಸಿಕ್ಕ ಹಾಗೆ ಕಾಣುತ್ತದೆ. ಆದರೆ ಕಾಯಿಸುವಾಗ ಮುಚ್ಚಳ ಇಲ್ಲದ ಪಾತ್ರೆಯಿಂದ 2 ಕೆಜಿ ಆವಿಯಾಗಿ ಹೋಗುತ್ತದೆ. ಪಾತ್ರೆಯ ತಳ, ಸೋಸುವ ಬಟ್ಟೆ, ಸೌಟು, ಇವಕ್ಕೆ ಅಂಟಿದ್ದು ಅರ್ಧ ಕೆಜಿ. ಉಳಿದದ್ದು 49 ಕೆಜಿ. ಇನ್ನು ಕೈಯಲ್ಲಿ ಪ್ಯಾಕೆಟ್ ತುಂಬುವಾಗ 500 ಗ್ರಾಂಗಿಂತ ಕಡಿಮೆ ಆಗಬಾರದು ಅಂತ 510 ತುಂಬುತ್ತದೆ. ಆ ಹತ್ತು ಹತ್ತು ಗ್ರಾಂ ಸೇರಿ ಒಂದು ಕೆಜಿ. ಕೊನೆಗೆ ಕೈಯಲ್ಲಿ ಇರುವುದು 96 ಪ್ಯಾಕೆಟ್, 48 ಕೆಜಿ. ಲೀಟರ್ ಹಾಲಿಗೆ 960 ಗ್ರಾಂ ಮೊಸರು ಅಂತ ಇಟ್ಟುಕೊಳ್ಳಿ. ಬಾಯಿ ಲೆಕ್ಕದಲ್ಲಿ ಇದು ಒಂದು ಕೆಜಿ ಆಗಿರುತ್ತದೆ.

ಹೆಪ್ಪಿನ ಖರ್ಚು ಕೇಳಿದರೆ ಎಲ್ಲರೂ ನಗುತ್ತಾರೆ. ನಿನ್ನೆಯ ಮೊಸರು ಒಂದು ಸೌಟು, ಅದಕ್ಕೇನು ಖರ್ಚು? ನಾವು 50 ಲೀಟರಿಗೆ 750 ಗ್ರಾಂ ಹೆಪ್ಪು ಹಾಕುತ್ತೇವೆ. ಅಷ್ಟನ್ನೇ ಇವತ್ತಿನ ಮೊಸರಿನಿಂದ ನಾಳೆಗೆ ತೆಗೆದಿಡುತ್ತೇವೆ. ಹಾಕಿದ್ದು ತೂಕದಲ್ಲಿ ವಾಪಸ್ ಬರುವುದರಿಂದ ಅದು ನಷ್ಟವಲ್ಲ. ಖರ್ಚು ಇರುವುದು ಬೇರೆ ಕಡೆ. ದಿನಾ ಅದೇ ಹೆಪ್ಪನ್ನು ಮುಂದುವರಿಸುತ್ತಾ ಹೋದರೆ ಹುಳಿ ಮಾಡುವ ಬ್ಯಾಕ್ಟೀರಿಯಾ ಮೇಲುಗೈ ಆಗುತ್ತದೆ, ಗಾಳಿಯಿಂದ ಬಂದ ಬೇರೆ ಸೂಕ್ಷ್ಮಾಣುಗಳೂ ಸೇರುತ್ತವೆ. ಮೊದಲು ಗೊತ್ತಾಗುವುದು ವಾಸನೆಯಲ್ಲಿ. ಆಮೇಲೆ ಚಮಚ ಎತ್ತಿದರೆ ಎಳೆ ಎಳೆಯಾಗಿ ಲೋಳೆ ಬರುತ್ತದೆ. ಅಂಥ ಮೊಸರು ಬೆಳಗ್ಗೆ ಚೆನ್ನಾಗೇ ಇದ್ದರೂ ಅಂಗಡಿಯಲ್ಲಿ ಎರಡನೇ ದಿನಕ್ಕೇ ಹುಳಿಯಾಗಿ ವಾಪಸ್ ಬರುತ್ತದೆ. ಅದಕ್ಕೇ ಹತ್ತು ದಿನಕ್ಕೊಮ್ಮೆ ಹೊಸ ಪುಡಿ ಹೆಪ್ಪಿನ ಪ್ಯಾಕೆಟ್ ತಂದು ಅದರಿಂದ ಹೊಸದಾಗಿ ಶುರು ಮಾಡುತ್ತೇವೆ. ಒಂದು ಪ್ಯಾಕೆಟ್‌ಗೆ 150 ರೂಪಾಯಿ, ದಿನಕ್ಕೆ 15, ಲೀಟರಿಗೆ 30 ಪೈಸೆ. ಈ 30 ಪೈಸೆಯನ್ನು ಉಳಿಸಲು ಹೋಗಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಹೆಪ್ಪು ತೆಗೆದಿಡುವುದೂ ಮೊಸರು ಸೆಟ್ ಆದ ತಕ್ಷಣ, ಬೇರೆ ಸ್ಟೀಲ್ ಡಬ್ಬಿಯಲ್ಲಿ, ನೇರ ಫ್ರಿಜ್‌ಗೆ. ಕೊನೆಯಲ್ಲಿ ಪಾತ್ರೆ ತಳದಲ್ಲಿ ಮಿಕ್ಕಿದ್ದನ್ನು ಹೆಪ್ಪಿಗೆ ಇಡಬಾರದು.

ಹೆಪ್ಪೇ ಕೆಲಸ ಮಾಡದ ದಿನವೂ ಒಂದು ಬಂತು. ಬೆಳಗ್ಗೆ ಪೆಟ್ಟಿಗೆ ತೆಗೆದರೆ ಹಾಲು ಹಾಲಾಗೇ ಇದೆ, ಹುಳಿ ವಾಸನೆಯೂ ಇಲ್ಲ. ಹೆಪ್ಪು ಚಳಿಗೆ ಸೋತಿದ್ದರೆ ಸ್ವಲ್ಪವಾದರೂ ಗಟ್ಟಿಯಾಗಿರುತ್ತದೆ. ಇದರಲ್ಲಿ ಏನೂ ಆಗಿರಲಿಲ್ಲ. ಅತ್ತೆ ನೋಡಿದ ಕೂಡಲೇ ಕೇಳಿದ್ದು, "ಯಾರ ಮನೆ ಹಸುಗೆ ಕೆಚ್ಚಲು ಬಾವು?" ವಿಚಾರಿಸಿದರೆ ಹಾಗೇ ಆಗಿತ್ತು. ಕೆಚ್ಚಲಿಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿಸಿದ ಹಸುವಿನ ಹಾಲು ಒಂದು ಕ್ಯಾನಿನಲ್ಲಿ ಸೇರಿತ್ತು. ಆ ಔಷಧ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಬೆಳೆಯಲು ಬಿಡುವುದಿಲ್ಲ, ಹಾಲು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲನ್ನು ಪನೀರ್ ಮಾಡಿಯೋ ಇನ್ನೇನೋ ಮಾಡಿಯೋ ಮಾರುವ ಹಾಗೂ ಇಲ್ಲ, ಜನ ತಿನ್ನುವ ವಸ್ತು. ಪೂರ್ತಿ 50 ಲೀಟರ್ ಹೋಯಿತು. ಈಗ ಔಷಧ ಕೊಡಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಯಾರೂ ಕ್ಯಾನಿಗೆ ಸೇರಿಸುವುದಿಲ್ಲ ಅಂತ ಮಾತಾಗಿದೆ. ಅನುಮಾನ ಬಂದ ಮನೆಯ ಹಾಲನ್ನು ಒಂದು ಲೋಟದಲ್ಲಿ ಬೇರೆ ಹೆಪ್ಪು ಹಾಕಿ ನೋಡಿ, ಅದು ಮೊಸರಾದ ಮೇಲೆಯೇ ಆ ಮನೆಯ ಹಾಲನ್ನು ಮತ್ತೆ ಸೇರಿಸುತ್ತೇವೆ.

ಇನ್ನು ಗ್ಯಾಸು. ಮೊಸರು ಗಟ್ಟಿಯಾಗಿ, ನೀರು ಬಿಡದೆ ನಿಲ್ಲಬೇಕಾದರೆ ಹಾಲನ್ನು ಸುಮ್ನೆ ಒಂದು ಉಕ್ಕು ಬರಿಸಿದರೆ ಸಾಲದು. 85ರಿಂದ 90 ಡಿಗ್ರಿಯಲ್ಲಿ 15-20 ನಿಮಿಷ ಹಿಡಿದಿಡಬೇಕು. ಆಗ ಹಾಲಿನ ನೀರಿನ ಭಾಗದಲ್ಲಿರುವ ಪ್ರೋಟೀನು ಬಿಚ್ಚಿಕೊಂಡು ಉಳಿದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಮೊಸರಾದಾಗ ನೀರನ್ನು ಹಿಡಿದಿಡುತ್ತದೆ. ನಾವು ಕಮರ್ಷಿಯಲ್ ಸಿಲಿಂಡರ್ ಉಪಯೋಗಿಸುತ್ತೇವೆ, 19 ಕೆಜಿಯದು, 1,800 ರೂಪಾಯಿ. ಅದು 25 ದಿನ ಬರುತ್ತಿತ್ತು, ಅಂದರೆ ದಿನಕ್ಕೆ 72, ಲೀಟರಿಗೆ ಹೆಚ್ಚುಕಡಿಮೆ 1 ರೂಪಾಯಿ 45 ಪೈಸೆ. ಕರೆದ ಹಾಲು ತಣ್ಣಗಾಗುವ ಮೊದಲೇ ಒಲೆ ಮೇಲಿಟ್ಟರೆ ಸ್ವಲ್ಪ ಉಳಿಯುತ್ತದೆ.

ಗ್ಯಾಸಿನ ಲೆಕ್ಕ ನೋಡುವಾಗ ನಮ್ಮೆಜಮಾನ್ರು ಕಂಡುಕೊಂಡ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಆವಿಯಾಗಿ ಹೋಗುವ ಆ 2 ಕೆಜಿ ನೀರು ಎರಡು ಕಡೆ ತಿನ್ನುತ್ತದೆ. ಅದನ್ನು ಆವಿ ಮಾಡುವುದಕ್ಕೇ ಒಟ್ಟು ಶಾಖದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ, ಜೊತೆಗೆ ಮಾರುವ ತೂಕವೂ ಕಡಿಮೆಯಾಗುತ್ತದೆ. ಈಗ ಹಾಲು 90 ಡಿಗ್ರಿಗೆ ಬರುವ ತನಕ ತಿರುವುತ್ತಾ ಇದ್ದು, ಆಮೇಲೆ ಉರಿ ತೀರಾ ಸಣ್ಣ ಮಾಡಿ ಮುಚ್ಚಳ ಹಾಕಿ ಹಿಡಿದಿಡುತ್ತೇವೆ. ಆವಿ 1 ಕೆಜಿಗೆ ಇಳಿದಿದೆ. ಸಿಲಿಂಡರ್ ಎರಡು ಮೂರು ದಿನ ಜಾಸ್ತಿ ಬರುತ್ತದೆ. ಅದಕ್ಕಿಂತ ದೊಡ್ಡದು, ದಿನಕ್ಕೆ ಎರಡು ಪ್ಯಾಕೆಟ್ ಹೆಚ್ಚು ಸಿಗುತ್ತದೆ, ಅಂದರೆ 50 ರೂಪಾಯಿ, ಲೀಟರಿಗೆ 1 ರೂಪಾಯಿ. ನೀರು ಕಮ್ಮಿ ಹೋದರೆ ಮೊಸರು ತೆಳುವಾಗಲ್ವಾ ಅಂತ ಕೇಳಬಹುದು. ತುಸು ಆಗುತ್ತದೆ, ಆದರೆ 90 ಡಿಗ್ರಿಯಲ್ಲಿ ಸರಿಯಾಗಿ ಹಿಡಿದಿಟ್ಟರೆ ತಿನ್ನುವವರಿಗೆ ಗೊತ್ತಾಗುವಷ್ಟಲ್ಲ. ನಮ್ಮ ಸಂಜೆ ಹಾಲಿನಲ್ಲಿ ಫ್ಯಾಟ್ ಚೆನ್ನಾಗಿದೆ. ತೆಳು ಹಾಲು ಬರುವ ಕಡೆ ಇದೇ ಲೆಕ್ಕ ನಡೆಯಲಿಕ್ಕಿಲ್ಲ.

ಹಾಲು ಸುಮಾರು 40 ಡಿಗ್ರಿಗೆ ಇಳಿದ ಮೇಲೆ ಹೆಪ್ಪು ಕಲಸಿ, ಪ್ಯಾಕೆಟ್ ತುಂಬಿ ಸೀಲ್ ಮಾಡಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ರಾತ್ರಿ ಇಡುತ್ತೇವೆ. ಬೆಳಗಿನ ಜಾವ ಸೆಟ್ ಆದ ಕೂಡಲೇ ಕೂಲರ್‌ಗೆ. ಆ ದಿನವೆಲ್ಲ ಅಲ್ಲೇ ಇದ್ದು, ಪೂರ್ತಿ ತಣ್ಣಗಾದ ಮೇಲೆ ಮಾರನೇ ದಿನ ಬೆಳಗ್ಗೆ ಗಾಡಿ ಹತ್ತುತ್ತದೆ. ಬೆಚ್ಚಗಿರುವಾಗಲೇ ಬೈಕಿನಲ್ಲಿ ಹಾಕಿಕೊಂಡು ಹೋದರೆ ನಮ್ಮ ರಸ್ತೆಯ ಕುಲುಕಿಗೆ ಮೊಸರು ಒಡೆದು ಮೇಲೆ ನೀರು ನಿಲ್ಲುತ್ತದೆ, ಗಿರಾಕಿ ಮುಟ್ಟುವುದಿಲ್ಲ. ಕರೆಂಟಿಗೆ ದಿನಕ್ಕೆ 50 ರೂಪಾಯಿ. ಪ್ಯಾಕೆಟ್ ಕವರ್ ಪ್ರಿಂಟ್ ಸೇರಿ 1 ರೂಪಾಯಿ 10 ಪೈಸೆ, 96ಕ್ಕೆ 106. ಪೆಟ್ರೋಲ್ 60. ಪಾತ್ರೆ ಕ್ಯಾನು ತೊಳೆಯುವುದಕ್ಕೆ 15. ಪ್ಯಾಕ್ ಮಾಡಿ ಲೇಬಲ್ ಹಾಕಿದ ಮೊಸರಿಗೆ 2022ರ ಜುಲೈನಿಂದ 5 ಪರ್ಸೆಂಟ್ ಜಿಎಸ್‌ಟಿ ಇದೆ, ಆದರೆ ನಮ್ಮ ವರ್ಷದ ವ್ಯಾಪಾರ 40 ಲಕ್ಷದ ಹತ್ತಿರಕ್ಕೂ ಬರದೆ ಇರುವುದರಿಂದ ರಿಜಿಸ್ಟ್ರೇಷನ್ ಬೇಕಾಗಿಲ್ಲ. ಬೇಕಾಗಿದ್ದರೆ ಈ ಕಥೆಯೇ ಬೇರೆ ಇರುತ್ತಿತ್ತು.

ಈಗ ಕೂಡಿಸಿ ನೋಡಿ, ಮುಚ್ಚಳ ಹಾಕುವ ಮುಂಚಿನ ಲೆಕ್ಕ. ಹಾಲು 1,950, ಗ್ಯಾಸ್ 72, ಕರೆಂಟ್ 50, ಕವರ್ 106, ಹೆಪ್ಪು 15, ಪೆಟ್ರೋಲ್ 60, ತೊಳೆಯುವುದು 15. ಒಟ್ಟು 2,268. ಪ್ಯಾಕೆಟ್ ಮೇಲೆ ರೇಟು 28, ಅಂಗಡಿಯವರಿಗೆ 3 ಬಿಟ್ಟು ನಮಗೆ 25. 96 ಪ್ಯಾಕೆಟ್ಟೂ ಖರ್ಚಾದರೆ 2,400. ಉಳಿಯುವುದು 132 ರೂಪಾಯಿ. ಲೀಟರಿಗೆ 2 ರೂಪಾಯಿ 64 ಪೈಸೆ. ನಮ್ಮಿಬ್ಬರ ಕೂಲಿ ಇದರಲ್ಲಿ ಸೇರಿಲ್ಲ. 16 ರೂಪಾಯಿ ಅಂತ ಶುರುವಾದದ್ದು ಇಲ್ಲಿಗೆ ಬಂದು ನಿಲ್ಲುತ್ತದೆ, ಅದೂ ಒಂದೇ ಒಂದು ಪ್ಯಾಕೆಟ್ ವಾಪಸ್ ಬರದಿದ್ದರೆ.

ಮೊಸರಿನ ವ್ಯಾಪಾರದ ಹಣೆಬರಹ ಇರುವುದೇ ಆ ವಾಪಸಿನಲ್ಲಿ. ಅಂಗಡಿಯವರು ಮಿಕ್ಕಿದ್ದನ್ನು ವಾಪಸ್ ತಗೊಳ್ಳುವುದಾದರೆ ಮಾತ್ರ ಇಟ್ಟುಕೊಳ್ಳುತ್ತಾರೆ. "ಅಕ್ಕ, ದೊಡ್ಡ ಕಂಪನಿ ಮೊಸರನ್ನ ಜನ ಹೆಸರು ಹೇಳಿ ಕೇಳ್ತಾರೆ, ನಿಮ್ಮದನ್ನ ನಾನೇ ಕೈಗೆ ಕೊಡಬೇಕು, ಹೋಗದಿದ್ರೆ ನಾನೇನ್ ಮಾಡಲಿ" ಅಂತ ಒಬ್ಬರು ಹೇಳಿದರು, ಅದರಲ್ಲೂ ತಪ್ಪಿಲ್ಲ. ವಾಪಸ್ ಬಂದ ಒಂದು ಪ್ಯಾಕೆಟ್ ಅಂದರೆ 1 ರೂಪಾಯಿ 40 ಪೈಸೆಯಷ್ಟು ಲಾಭ ಹೋಯಿತು ಅಂತಲ್ಲ. ಅದಕ್ಕೆ ಹಾಲು, ಗ್ಯಾಸು, ಕವರು, ಪೆಟ್ರೋಲು ಎಲ್ಲಾ ಆಗಲೇ ಖರ್ಚಾಗಿದೆ. ಹೋಗುವುದು ಪೂರ್ತಿ 25 ರೂಪಾಯಿ.

ಅದರಲ್ಲಿ ಎಷ್ಟು ಹಿಂದಕ್ಕೆ ಸಿಗುತ್ತದೆ? ಹುಳಿಯಾದ ಮೊಸರನ್ನು ಕಡೆದು ಬೆಣ್ಣೆ ತೆಗೆದು ತುಪ್ಪ ಕಾಯಿಸುತ್ತೇವೆ. ನಾಲ್ಕು ಪರ್ಸೆಂಟ್ ಫ್ಯಾಟ್ ಇರುವ ಹಾಲಿನ ಮೊಸರು 5 ಕೆಜಿ, ಅಂದರೆ 10 ಪ್ಯಾಕೆಟ್ ಕಡೆದರೆ ಸುಮಾರು 160 ಗ್ರಾಂ ತುಪ್ಪ. ಕೆಜಿಗೆ 650ರಂತೆ 104 ರೂಪಾಯಿ, ಕಾಯಿಸುವ ಗ್ಯಾಸ್ ಕಳೆದು 100 ಅನ್ನಿ. ಮಜ್ಜಿಗೆ ಹಸುಗಳಿಗೆ. ಅಲ್ಲಿಗೆ ಪ್ಯಾಕೆಟ್ಟಿಗೆ 10 ಸಿಕ್ಕಿತು, 15 ಹೋಯಿತು. ದಿನದ ಉಳಿಕೆ 132. ಅದನ್ನು 15ರಿಂದ ಭಾಗಿಸಿ: 96ರಲ್ಲಿ 9 ಪ್ಯಾಕೆಟ್ ವಾಪಸ್ ಬಂದರೆ ಆ ದಿನ ಸೊನ್ನೆ. ಹತ್ತು ಬಂದರೆ ಹಾಲು ಡೇರಿಗೆ ಹಾಕಿ ಮಲಗಿದ್ದರೆ ವಾಸಿ ಇತ್ತು. ತುಪ್ಪವನ್ನೂ ಮಾಡದೆ ಚೆಲ್ಲುವುದಾದರೆ ಆರನೇ ಪ್ಯಾಕೆಟ್ಟಿಗೇ ನಷ್ಟ.

ಬೇಸಿಗೆಯಲ್ಲಿ ತುಪ್ಪಕ್ಕಿಂತ ಒಳ್ಳೆ ದಾರಿ ಇದೆ. ತಿಪಟೂರಿನ ಕೊಬ್ಬರಿ ಹರಾಜಿನ ದಿನ ಬಿಸಿಲಿನಲ್ಲಿ ರೈತರು, ಹಮಾಲರು ತುಂಬಿರುತ್ತಾರೆ. ಒಂದು ಕೆಜಿ ಮೊಸರಿಗೆ ಎರಡು ಲೀಟರ್ ಕಾಯಿಸಿ ಆರಿಸಿದ ನೀರು, ಉಪ್ಪು, ಶುಂಠಿ, ಹಸಿಮೆಣಸು, ಕರಿಬೇವು ಹಾಕಿದರೆ ಹದಿನೈದು ಲೋಟ ಮಜ್ಜಿಗೆ. ಲೋಟಕ್ಕೆ 10 ರೂಪಾಯಿಯಂತೆ 150. ಆದರೆ ಇದಕ್ಕೆ ಒಬ್ಬರು ಅರ್ಧ ದಿನ ಅಲ್ಲೇ ನಿಲ್ಲಬೇಕು. ಮೊಸರೂ ಹದವಾಗಿ ಹುಳಿ ಇರಬೇಕು, ವಾಸನೆ ತಿರುಗಿದ್ದು ನಡೆಯುವುದಿಲ್ಲ. ಮಳೆಗಾಲದಲ್ಲಿ ಮಜ್ಜಿಗೆಯನ್ನು ಕೇಳುವವರೇ ಇಲ್ಲ. ಹಾಗಾಗಿ ಇದನ್ನು ನಂಬಿ ಪ್ಯಾಕೆಟ್ ಜಾಸ್ತಿ ಮಾಡಬಾರದು.

ವಾಪಸ್ ಇಲ್ಲದ ಗಿರಾಕಿಯನ್ನು ಹುಡುಕಿದ್ದು ಈ ಲೆಕ್ಕದಿಂದಲೇ. ಊರಿನ ಒಂದು ಹೋಟೆಲ್ಲು, ಒಂದು ಮೆಸ್ಸು ಸೇರಿ 25 ಲೀಟರಿನ ಮೊಸರು ತೆಗೆದುಕೊಳ್ಳುತ್ತವೆ. ರೇಟು ಕೆಜಿಗೆ 47, ಅಂಗಡಿಗಿಂತ 3 ಕಮ್ಮಿ. ಹೋಟೆಲ್ಲಿನ ಅಡುಗೆ ಭಟ್ಟರು ಮೊದಲೇ ಹೇಳಿಬಿಟ್ಟರು, "ನೋಡಿಯಮ್ಮ, ಮೊಸರನ್ನಕ್ಕೆ ಹುಳಿ ಇರಬಾರದು. ಹುಳಿ ಬಂದ ದಿನ ನಾನು ಕ್ಯಾನು ಇಳಿಸಿಕೊಳ್ಳಲ್ಲ." ರೇಟು ಕಮ್ಮಿ ಅಂತ ನನಗೆ ಮೊದಲು ಬೇಜಾರಿತ್ತು. ಆದರೆ ಬರೆದು ನೋಡಿ. ಸ್ಟೀಲ್ ಕ್ಯಾನಿನಲ್ಲೇ ಹೆಪ್ಪು ಹಾಕಿ ಕ್ಯಾನಿನಲ್ಲೇ ಕೊಡುವುದರಿಂದ ಕವರಿನ ಖರ್ಚಿಲ್ಲ. ಹತ್ತು ಗ್ರಾಂ ಜಾಸ್ತಿ ತುಂಬುವ ಪ್ರಶ್ನೆಯಿಲ್ಲ. ಎಷ್ಟು ಬೇಕು ಅಂತ ಮೊದಲೇ ಫೋನು ಬರುತ್ತದೆ, ವಾಪಸ್ ಇಲ್ಲ. ಮುಚ್ಚಳ ಹಾಕಿ ಕಾಯಿಸಿದ ಮೇಲೆ 25 ಲೀಟರಿಗೆ ಸರಿಯಾಗಿ 25 ಕೆಜಿ ಸಿಗುತ್ತದೆ: 1,175 ರೂಪಾಯಿ. ಖರ್ಚು 1,081. ಉಳಿದದ್ದು 94, ಲೀಟರಿಗೆ 3 ರೂಪಾಯಿ 75 ಪೈಸೆ. 3 ರೂಪಾಯಿ ಕಮ್ಮಿಗೆ ಮಾರಿದ ಮೊಸರು ಜಾಸ್ತಿ ಉಳಿಸುತ್ತಿದೆ.

ಉಳಿದ 25 ಲೀಟರ್ ಈಗಲೂ ಪ್ಯಾಕೆಟ್ಟೇ, 49 ಬರುತ್ತದೆ. ಅದರಲ್ಲಿ 19 ನೇರವಾಗಿ ಮನೆಗಳಿಗೆ, 28 ರೂಪಾಯಿಗೇ. ಅಂಗಡಿಗೆ 30 ಮಾತ್ರ. ಯಾವ ಅಂಗಡಿಯಿಂದ ಎಷ್ಟು ವಾಪಸ್ ಬಂತು ಅಂತ ಬೇರೆ ಬೇರೆ ಬರೆದಿಟ್ಟು, ಮಿಕ್ಕಿಸುವ ಕಡೆ ಇಳಿಸುವುದನ್ನು ಕಡಿಮೆ ಮಾಡಿದ್ದೇವೆ. ದಿನಕ್ಕೆ ಎರಡು ಮೂರು ಪ್ಯಾಕೆಟ್ ಇನ್ನೂ ಬರುತ್ತವೆ, ಅದನ್ನು ಕಳೆದು ಈ ಪಾಲಿನಲ್ಲಿ 108 ಉಳಿಯುತ್ತದೆ. ಎರಡೂ ಸೇರಿ ದಿನಕ್ಕೆ 200, ಲೀಟರಿಗೆ 4 ರೂಪಾಯಿ. ಇಬ್ಬರ ಕೆಲಸ ಸೇರಿಸಿದರೆ ದಿನಕ್ಕೆ ಐದು ತಾಸು, ಅಂದರೆ ತಾಸಿಗೆ 40. ಕೂಲಿಯವರನ್ನು ಇಟ್ಟು ಮಾಡುವ ವ್ಯಾಪಾರ ಇದಲ್ಲ.

ಮಳೆ ಹಿಡಿದ ವಾರ ಅಂಗಡಿಯ 30 ಪ್ಯಾಕೆಟ್ಟಿನ ಹಾಲು, ಹದಿನೈದು ಲೀಟರಿನಷ್ಟು, ಡೇರಿಗೇ ಹಾಕುತ್ತೇವೆ. ಅಲ್ಲಿ 39 ಖಚಿತ, ವಾಪಸ್ ಬರುವುದಿಲ್ಲ. ಹೋಟೆಲ್ ಮತ್ತು ಮನೆಗಳ ಮೊಸರನ್ನು ಮಾತ್ರ ಮಳೆಯಿರಲಿ ಬಿಸಿಲಿರಲಿ ಒಂದು ದಿನವೂ ತಪ್ಪಿಸುವುದಿಲ್ಲ.